ಮೂರನೇ ತಾರೀಕಿನಿಂದ

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಸುಧಾಳ ಫೋನಿಗೆ ಗಂಡನ ಫ್ಯಾಕ್ಟರಿಯಿಂದ ಸಂದೇಶ ಬಂತು. ರೇಣುಕಪ್ರಸಾದ್ ಮಂಗಳವಾರದಿಂದ ಅನುಮತಿಯಿಲ್ಲದೆ ಗೈರುಹಾಜರಾಗಿದ್ದಾರೆ; ಶನಿವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ವೈದ್ಯರ ಸರ್ಟಿಫಿಕೇಟಿನೊಂದಿಗೆ ಲಿಖಿತ ಅರ್ಜಿ ಬಾರದಿದ್ದರೆ ಅವರನ್ನು ಕೆಲಸದಿಂದ ಬಿಡುಗಡೆ ಮಾಡಲಾಗುವುದು.

ಮಡಿಕೇರಿಯ ಆಸ್ಪತ್ರೆಯಲ್ಲಿ, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಅವಳು ಅದನ್ನು ಮೂರು ಸಲ ಓದಿದಳು. ಒಳಗೆ ಅವಳ ಗಂಡ ಹೊಟ್ಟೆಯಿಂದ ಕೊಳವೆ ಇಳಿಬಿಟ್ಟುಕೊಂಡು ಮಲಗಿದ್ದ. ಅಪೆಂಡಿಕ್ಸ್ ಒಡೆದು ಕೀವು ಹರಡಿತ್ತು. ಕುಶಾಲನಗರದ ಬಳಿಯ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಒಣಗಿಸಿ ಹದಮಾಡಲು ಬಂದ ಬೀಜದ ಚೀಲಗಳ ತೇವಾಂಶ ನೋಡಿ ಪುಸ್ತಕಕ್ಕೆ ಬರೆಯುವ ಕೆಲಸ ಅವನದು. ಐದು ತಿಂಗಳು ಕಳೆದಿತ್ತು. ಆರಕ್ಕೆ ಖಾಯಂ ಮಾಡುತ್ತೇವೆಂದಿದ್ದರು. ಶಿರಂಗಾಲದ ಮನೆಯಲ್ಲಿ ಹೊಲಿಗೆ ಯಂತ್ರ ತುಳಿದು ಸಂಸಾರ ಎಳೆದಿದ್ದ ಸುಧಾ ಆ ಆರನೇ ತಿಂಗಳಿಗಾಗಿ ಕಾದಿದ್ದಳು.

ಅವಳು ಟೈಮ್‌ಕೀಪರ್ ಶಾಂತಪ್ಪನಿಗೆ ಫೋನ್ ಮಾಡಿದಳು. "ಮಂಗಳವಾರ ಬೆಳಿಗ್ಗೇನೆ ನಿಮಗೆ ಹೇಳಿದ್ನಲ್ಲಣ್ಣ, ಆಪರೇಷನ್ ಆಗಿದೆ ಅಂತ?"

"ಹೇಳಿದ್ದೆ ಕಣಮ್ಮ, ನಾನೂ ಮ್ಯಾನೇಜರ್ ಪೂವಯ್ಯ ಸಾಹೇಬ್ರ ಕಿವಿಗೆ ಹಾಕಿದ್ದೆ. ಬಾಯಲ್ಲಿ ಹೇಳಿದ್ದು ಯಾವ ಫೈಲಲ್ಲಿ ಕೂರುತ್ತೆ? ಹೋದ ತಿಂಗಳು ಒಬ್ಬ ಸುಳ್ಳು ಸರ್ಟಿಫಿಕೇಟ್ ತಂದು ಸಿಕ್ಕಿಬಿದ್ದ. ಆವತ್ತಿಂದ ಸಾಹೇಬ್ರು ಎಲ್ಲಾರ ತಾರೀಕೂ ಕೂತ್ಕಂಡು ನೋಡ್ತಾರೆ."

ಫೋನಿಟ್ಟು ಅವಳು ಮಗಳ ನೋಟ್‌ಪುಸ್ತಕದಿಂದ ಹರಿದು ತಂದಿದ್ದ ಹಾಳೆಯಲ್ಲಿ ಬರೆಯತೊಡಗಿದಳು. ಒಂದು ಪುಟ ತುಂಬಿತು. ಸೋಮವಾರ ರಾತ್ರಿ ಗಂಡ ನೆಲಕ್ಕೆ ಬಿದ್ದದ್ದು, ಆಂಬುಲೆನ್ಸ್‌ಗೆ ಕಾದದ್ದು, ಮಗಳು ಅತ್ತದ್ದು. ಕೊನೆಯಲ್ಲಿ, ದಯವಿಟ್ಟು ಕೆಲವು ದಿನ ರಜೆ ಕೊಡಿ, ಯಾವ ಹೊತ್ತಿನಲ್ಲಾದರೂ ಅವರಿಗೆ ಫೋನ್ ಮಾಡಬಹುದು ಎಂದು.

ನಾಲ್ಕಕ್ಕೆ ತಮ್ಮ ಗಿರಿ ಫ್ಲಾಸ್ಕ್ ಹಿಡಿದು ಬಂದ. ಹಾಳೆ ಓದಿ ನಕ್ಕ.

"ಅಕ್ಕ, ಇದು ಅರ್ಜಿಯಲ್ಲ, ಸೀರಿಯಲ್ಲು. ಯಾವ ತಾರೀಕಿಂದ ಯಾವ ತಾರೀಕಿನವರೆಗೆ ಅನ್ನೋದೇ ಇಲ್ಲ."

"ಡಾಕ್ಟರ್ ಚೀಟೀಲೂ 'ಮೂರು ವಾರ ವಿಶ್ರಾಂತಿ' ಅಂತ ಅಷ್ಟೇ ಇದೆ. ಡಾಕ್ಟರಮ್ಮ ಆಪರೇಷನ್ ಥಿಯೇಟರಲ್ಲಿದ್ದಾರೆ."

"ಕಾಯ್ಬೇಡ ಬುಡು. ನಂಗೊಬ್ರು ಡಾಕ್ಟರ್ ಗೊತ್ತು, ಸತ್ತೋರಿಗೂ ಫಿಟ್‌ನೆಸ್ ಬರ್ಕೊಡ್ತಾರೆ. ಸೋಮವಾರದಿಂದಲೇ ಜ್ವರ ಇತ್ತು, ಮಲಗಿದ್ರು ಅಂತ ತಿಂಗಳು ಪೂರ್ತಿ ಬರೆಸ್ಕೊಂಡು ಬರ್ತೀನಿ. ಭಾವ ಆರಾಮಾಗಿ ಮಲಗ್ಲಿ."

ಸುಧಾಳಿಗೆ ಆ ಕ್ಷಣ ಹೂಂ ಅನ್ನಬೇಕೆನಿಸಿತು. ಹೋಗಿ ಬಾ ಎನ್ನುವುದಕ್ಕೆ ಬಾಯಿ ತೆರೆದವಳಿಗೆ ಸೋಮವಾರ ನೆನಪಾಯಿತು.

"ಸೋಮವಾರ ಇವರು ಕೆಲಸಕ್ಕೆ ಹೋಗಿದ್ರು ಕಣೋ. ಹೊಟ್ಟೆ ಹಿಡ್ಕೊಂಡೇ ಐದೂವರೆವರೆಗೆ ನಿಂತಿದ್ರು. ಬರ್ತಾ ಹೋಗ್ತಾ ಎರಡು ಸಲ ಬೆರಳೊತ್ತಿದ್ದಾರೆ ಹಾಜರಿ ಮೆಷಿನ್ ಮೇಲೆ."

ಗಿರಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. "ಹಂಗಾದ್ರೆ ಅದು ಬ್ಯಾಡ" ಎಂದ, ಸಣ್ಣಗೆ.

ಡಾಕ್ಟರ್ ದಮಯಂತಿ ಥಿಯೇಟರಿನಿಂದ ಹೊರಬಂದಾಗ ಏಳು ಗಂಟೆ. ಬೆಳಗ್ಗಿನಿಂದ ಕೂತೇ ಇಲ್ಲವೆಂದು ಮುಖವೇ ಹೇಳುತ್ತಿತ್ತು. "ಬೆಳಿಗ್ಗೆ ಕೊಟ್ಟಿದ್ದೀನಲ್ಲಮ್ಮ?"

"ಕೊಟ್ಟಿದ್ದೀರಿ ಮೇಡಂ. ಎಲ್ಲಿಂದ ಮೂರು ವಾರ ಅಂತ ಇಲ್ಲ. ಆಪರೇಷನ್ ದಿನದಿಂದಲೋ, ಮನೆಗೆ ಹೋದ ಮೇಲೋ? ಕೆಲಸ ಹೋಗುತ್ತೆ ಮೇಡಂ."

ಡಾಕ್ಟರು ಕೇಸ್‌ಶೀಟ್ ತರಿಸಿಕೊಂಡರು. ದಾಖಲಾದದ್ದು ರಾತ್ರಿ ಹನ್ನೆರಡು ನಲವತ್ತಕ್ಕೆ, ಅಂದರೆ ಮೂರನೇ ತಾರೀಕು. ಶಸ್ತ್ರಚಿಕಿತ್ಸೆಯೂ ಅದೇ ಬೆಳಗಿನ ಜಾವ. ಈಗಲೂ ಒಳರೋಗಿ. ಮೂರರಿಂದ ಇಪ್ಪತ್ಮೂರರವರೆಗೆ ಕೆಲಸ ಮಾಡಲಾಗದು, ಇಪ್ಪತ್ಮೂರಕ್ಕೆ ಮರುಪರೀಕ್ಷೆ. ಬರೆದು, ಆ ದಿನದ ತಾರೀಕು, ನೋಂದಣಿ ಸಂಖ್ಯೆ ಹಾಕಿ ಸೀಲು ಒತ್ತಿದರು.

"ಒಂದು ತಿಂಗಳು ಅಂತ ಬರೆದುಬಿಡಿ ಮೇಡಂ" ಎಂದ ಗಿರಿ.

"ಇಪ್ಪತ್ಮೂರಕ್ಕೆ ಗಾಯ ನೋಡಿ ಹೇಳ್ತೀನಪ್ಪ. ಬೇಕಾದ್ರೆ ಆವತ್ತು ಮುಂದಕ್ಕೆ ಬರೀತೀನಿ. ಸರಿಯಾಗಿದ್ರೆ ಫಿಟ್‌ನೆಸ್ ಕೊಡ್ತೀನಿ. ಅದಿಲ್ಲದೆ ಅವರನ್ನ ಫ್ಯಾಕ್ಟರಿ ಒಳಗೆ ಬಿಡಬಾರದು. ಚೀಲ ಎತ್ತೋ ಜಾಗ ಅದು."

ಸುಧಾ ಹೊಸ ಹಾಳೆ ತೆಗೆದಳು. ಈ ಸಲ ಗಂಡನ ಹೆಸರಿನಲ್ಲೇ ಬರೆದಳು, ಅಳುವೊಂದನ್ನೂ ಸೇರಿಸಲಿಲ್ಲ. ವಿಷಯ: ಫೆಬ್ರವರಿ ಮೂರರಿಂದ ಇಪ್ಪತ್ಮೂರರವರೆಗೆ, ಇಪ್ಪತ್ತೊಂದು ದಿನ ವೈದ್ಯಕೀಯ ರಜೆ. ತುರ್ತಾಗಿ ದಾಖಲಾದ್ದರಿಂದ ಮುಂಚಿತ ಅರ್ಜಿ ಕೊಡಲಾಗಲಿಲ್ಲ. ಮೂರರಂದು ಬೆಳಿಗ್ಗೆ ಏಳೂವರೆಗೆ ಟೈಮ್‌ಕೀಪರಿಗೆ ಫೋನಿನಲ್ಲಿ ತಿಳಿಸಲಾಗಿದೆ. ರಜೆ ಲೆಕ್ಕದಲ್ಲಿ ಸಾಲದಿದ್ದರೆ ಉಳಿದ ದಿನ ವೇತನರಹಿತವಾಗಿ ಪರಿಗಣಿಸುವುದು. ಬಿಡುಗಡೆಯಾಗುವವರೆಗೆ ಆಸ್ಪತ್ರೆ, ನಂತರ ಶಿರಂಗಾಲದ ಮನೆ; ಎರಡೂ ವಿಳಾಸ. ರಜೆ ಮುಂದುವರಿಸಬೇಕಾದರೆ ಇಪ್ಪತ್ಮೂರರಂದೇ ತಿಳಿಸುತ್ತೇನೆ. ಲಗತ್ತು: ಸರ್ಟಿಫಿಕೇಟು ಒಂದು.

ಫೋನಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ಸಂಜೆಯಿಂದ ರೇಣುಕನಿಗೆ ಜ್ವರ ಏರಿತ್ತು. ಮಾತಾಡಿದರೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದ. ಅವಳು ಬರೆದಳು: ಹದಿನೈದರವರೆಗೆ ನನ್ನೊಂದಿಗೆ ಮಾತು ಸಾಧ್ಯವಿಲ್ಲ, ಪತ್ನಿಯ ಸಂಖ್ಯೆಗೆ ಕರೆ ಮಾಡುವುದು, ನಂತರ ಸಂಜೆ ಐದರಿಂದ ಆರರವರೆಗೆ ಸಿಗುತ್ತೇನೆ.

ರೇಣುಕ ದಿಂಬಿನ ಮೇಲೆ ಹಾಳೆಯಿಟ್ಟುಕೊಂಡು ಓದಿದ. ಆ ಸಾಲಿಗೆ ಬಂದು ತಲೆಯಾಡಿಸಿದ. "ಇದನ್ನ ತೆಗಿ. ಕರೆದಾಗ ಸಿಗ್ತೀನಿ ಅಂತ ಇರ್ಲಿ. ಪ್ರೊಬೇಷನ್ ಕಣೆ."

"ಸಹಿ ಹಾಕ್ರಿ."

"ಸುಧಾ..."

"ಸಹಿ."

ಅವನ ಸಹಿ ಸೊಟ್ಟಗೆ ಇಳಿದು ಹಾಳೆಯ ಅಂಚು ಮುಟ್ಟಿತು.

ಮರುದಿನ ಬಸ್ಸು ಸುಂಟಿಕೊಪ್ಪದಲ್ಲಿ ಅರ್ಧ ಗಂಟೆ ನಿಂತುಬಿಟ್ಟಿತು. ಸುಧಾ ಫ್ಯಾಕ್ಟರಿಯ ಗೇಟು ಮುಟ್ಟಿದಾಗ ಹನ್ನೆರಡೂ ಮುಕ್ಕಾಲು. ಶಾಂತಪ್ಪ ಅವಳ ಕೈಯಿಂದ ಕಾಗದ ಕಸಿದುಕೊಂಡವನಂತೆ ಒಳಗೆ ಓಡಿದ, ಹಿಂದೆಯೇ ಅವಳು.

ಪೂವಯ್ಯ ಕನ್ನಡಕ ಏರಿಸಿ ಸರ್ಟಿಫಿಕೇಟನ್ನು ಮೊದಲು ಓದಿದರು. ಆಮೇಲೆ ಕಂಪ್ಯೂಟರಿನ ಪರದೆ ತಿರುಗಿಸಿಕೊಂಡರು. "ಸೋಮವಾರ ಎರಡನೇ ತಾರೀಕು. ಇನ್ ಎಂಟು ಹತ್ತು. ಔಟ್ ಐದು ಮೂವತ್ತೆರಡು." ಬೆರಳು ಅರ್ಜಿಯ ಮೇಲೆ ಬಂತು. "ರಜೆ ಮೂರರಿಂದ. ಸರಿ."

ಸುಧಾ ಬಿಗಿಹಿಡಿದಿದ್ದ ಉಸಿರು ಬಿಟ್ಟಳು. ಆದರೆ ಅವರ ಬೆರಳು ಇನ್ನೂ ಕೆಳಗಿಳಿಯುತ್ತಿತ್ತು.

"ಇದೇನಮ್ಮ? ಹದಿನೈದರವರೆಗೆ ಮಾತಾಡಲ್ಲ ಅಂತ? ಸೀಸನ್ ಮಧ್ಯೆ ನಲವತ್ತು ಲಾಟ್ ಕಾಫಿ ಚೀಲ ಬಿದ್ದಿದೆ. ಯಾವುದನ್ನ ಮತ್ತೆ ಒಣಗಿಸ್ಬೇಕು ಅಂತ ಅವನಿಗೆ ಗೊತ್ತು. ಫೋನಲ್ಲಿ ಮಾತಾಡೋಕೆ ಹೊಟ್ಟೆ ಬೇಕಾ?"

"ಅವರ ಹೊಟ್ಟೇಲಿ ಕೊಳವೆ ಇದೆ ಸರ್. ಕೆಮ್ಮಿದ್ರೆ ಅಳ್ತಾರೆ."

"ಎನಿ ಟೈಮ್ ಅಂತ ತಿದ್ದಿ ಕೊಡು. ಈಗಲೇ ಸ್ಯಾಂಕ್ಷನ್ ಮಾಡ್ತೀನಿ." ಪೆನ್ನನ್ನು ಅವಳತ್ತ ಉರುಳಿಸಿದರು. ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಐದು ನಿಮಿಷ.

ಸುಧಾ ಪೆನ್ನು ಎತ್ತಿಕೊಂಡಳು. ಶಾಂತಪ್ಪ ನೆಲ ನೋಡುತ್ತಿದ್ದ. ಒಂದು ಪದ ಬರೆದರೆ ಕೆಲಸ ಉಳಿಯುತ್ತಿತ್ತು. ಬರೆದ ಮೇಲೆ ಫೋನೆತ್ತದ ಪ್ರತಿ ಸಲವೂ ಅದೇ ಪದವನ್ನು ಇವರು ತೆಗೆದು ತೋರಿಸುತ್ತಾರೆ. ತೋರಿಸದಿದ್ದರೂ ರೇಣುಕ ಬಿಡುವವನಲ್ಲ. ಕರೆ ಬಂದರೆ ಜ್ವರದಲ್ಲೇ ಎದ್ದು ಕೂರುತ್ತಾನೆ.

ಗಂಡನ ಸಾಲನ್ನು ಅವಳು ಮುಟ್ಟಲಿಲ್ಲ. ಅದರ ಕೆಳಗೆ ಬರೆದಳು: ಪತ್ನಿ ಸುಧಾ ಯಾವ ಹೊತ್ತಿನಲ್ಲೂ ಕರೆ ಸ್ವೀಕರಿಸುತ್ತಾರೆ, ಪ್ರಶ್ನೆಗೆ ಅಂದೇ ಸಂಜೆಯೊಳಗೆ ಉತ್ತರ ತಿಳಿಸುತ್ತಾರೆ. ತನ್ನ ಸಹಿ ಹಾಕಿದಳು.

"ಯಾವ ಲಾಟ್ ಬೇಕೋ ನನಗೆ ಹೇಳಿ ಸರ್. ಅವರು ಎಚ್ಚರ ಇದ್ದಾಗ ಕೇಳಿ ನಾನು ಹೇಳ್ತೀನಿ. ನನ್ನ ಎಬ್ಬಿಸಿ, ಅವರನ್ನ ಬೇಡ."

"ಲಾಟ್ ಅಂದ್ರೆ ಏನು ಅಂತ ಗೊತ್ತಾ ನಿಂಗೆ?"

"ಗೊತ್ತಿಲ್ಲ ಸರ್. ಬರ್ಕೊಳ್ಳೋಕೆ ಬರುತ್ತೆ."

ಶಾಂತಪ್ಪ ಗಂಟಲು ಸರಿಮಾಡಿಕೊಂಡ. "ತೇವದ ಪುಸ್ತಕ ನನ್ ಡ್ರಾದಲ್ಲೇ ಐತೆ ಸರ್. ಸೋಮವಾರದ ಸಂಜೆವರೆಗೂ ತುಂಬವ್ನೆ."

"ಮತ್ತೆ ನಾಲ್ಕು ದಿನದಿಂದ ಬಾಯಲ್ಲಿ ಏನಿತ್ತಯ್ಯ? ಎಲೆಯಡಿಕೆನಾ?"

ಪೂವಯ್ಯ ಇನ್ನೊಂದು ಸಲ ಹಾಳೆ ಓದಿದರು. ಮೂಲೆಯಲ್ಲಿ ಬರೆದರು: ಇಪ್ಪತ್ಮೂರರವರೆಗೆ ಮಂಜೂರು, ಫಿಟ್‌ನೆಸ್ ಸರ್ಟಿಫಿಕೇಟಿನೊಂದಿಗೆ ಹಾಜರಾಗುವುದು, ಪ್ರೊಬೇಷನ್ ಇಪ್ಪತ್ತೊಂದು ದಿನ ಮುಂದಕ್ಕೆ. ಶಾಂತಪ್ಪ ಅದರ ಪ್ರತಿ ತೆಗೆದು ಸ್ವೀಕೃತಿಯ ಮೊಹರು ಒತ್ತಿ ಅವಳ ಕೈಗಿತ್ತ.

ಗೇಟಿನಾಚೆ ನಿಂತು ಸುಧಾ ಗಿರಿಯ ಫೋನಿಗೆ ಕರೆ ಮಾಡಿ, ಗಂಡನ ಕಿವಿಗೆ ಹಿಡಿಯಲು ಹೇಳಿದಳು.

"ಕೆಲಸ ಇದೆ. ಇಪ್ಪತ್ತೊಂದು ದಿನ ತಡವಾಗಿ ಖಾಯಂ, ಅಷ್ಟೇ."

"ಫೋನ್ ಬಂದ್ರೆ...?"

"ನನಗೆ ಬರುತ್ತೆ. ನೀವು ಮಲಗ್ರಿ."