ಹಳದಿ ಬಲ್ಬಿನ ಸಂಜೆ

ನನ್ನ ಫೋಟೋ ಸ್ಟುಡಿಯೋದ ಗೋಡೆಯಲ್ಲಿ ಹೆಂಡತಿ ಬಿಡಿಸಿದ ಕೆರೆಯ ಚಿತ್ರವೊಂದಿದೆ. ಬಂದವರಿಗೆಲ್ಲ ಅದನ್ನು ತೋರಿಸಿ, "ಸಂಜೆಯ ಹೊಂಬಣ್ಣ ನೋಡಿ" ಎಂದು ಕೊರೆಯುವುದು ನನ್ನ ಚಟ. ಹಾಗೆ ಕೊರೆಸಿಕೊಂಡ ನಿವೃತ್ತ ಟೀಚರೊಬ್ಬರು, ತಮ್ಮ ಫೋಟೋವನ್ನೂ ಅದೇ ಬಣ್ಣದಲ್ಲಿ, ಅದೇ ಕುಂಚದ ಗೀರುಗಳಲ್ಲಿ ಮಾಡಿಕೊಡಿ ಎಂದರು.

ಅದೇನು ಮಹಾ! ಗೋಡೆಯ ಮೇಲಿದ್ದ ಚಿತ್ರದ ಫೋಟೋ ಮೊಬೈಲಿನಲ್ಲಿ ಹೊಡೆದು, ಕಂಪ್ಯೂಟರಿಗೆ ಮಾದರಿಯಾಗಿ ಕೊಟ್ಟು, ಟೀಚರ ಫೋಟೋಗೆ ಅದರ ಶೈಲಿ ಹಚ್ಚಿಸಿದೆ. ಗೀರುಗಳು ಸೊಗಸಾಗಿಯೇ ಬಂದವು. ಆದರೆ ನೆರೆತ ಕೂದಲು, ಹಲ್ಲು, ಕಣ್ಣಿನ ಬಿಳಿ, ಎಲ್ಲವೂ ಹಳದಿ.

"ನನಗೇನು ಕಾಮಾಲೆ ಬಂದಿದ್ಯಾ?" ಎಂದರು ಟೀಚರ್.

"ಕಲೆ ಅಂದ್ರೆ ಹಾಗೇ ಮೇಡಂ," ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದ ನೋಟಕ್ಕೆ ಹೆದರಿ, ಕಂಪ್ಯೂಟರಿನಲ್ಲಿ ಶೈಲಿ ಹಚ್ಚುವ ಪ್ರಮಾಣ ಇಳಿಸಿದೆ. ಹಳದಿಯ ಜೊತೆಗೆ ಗೀರುಗಳೂ ಮಾಯವಾಗಿ ಮೊದಲಿನ ಫೋಟೋವೇ ಉಳಿಯಿತು. ಆಗ ತಲೆಯೆತ್ತಿ ನೋಡಿದೆ. ಚಿತ್ರದ ನೆತ್ತಿಯ ಮೇಲೇ ಹಳದಿ ಬಲ್ಬು ಉರಿಯುತ್ತಿತ್ತು. ಕಂಪ್ಯೂಟರು ಪಾಪ, ಬಲ್ಬಿನ ಬಣ್ಣವನ್ನೂ ಚಿತ್ರದ್ದೆಂದೇ ನಂಬಿತ್ತು.

ಚಿತ್ರವನ್ನು ಬಾಗಿಲಾಚೆಯ ಬೆಳಕಿಗೆ ತಂದೆ. ಹೊಂಬಣ್ಣವೂ ಇಲ್ಲ, ಸಂಜೆಯೂ ಇಲ್ಲ. ಬರೀ ತಿಳಿನೀಲಿ, ಬೂದು, ನಸುಗುಲಾಬಿ. ಅಲ್ಲೇ ಮತ್ತೆ ಫೋಟೋ ಹೊಡೆದು ಮಾದರಿ ಬದಲಿಸಿದೆ. ಕೂದಲು ಬೆಳ್ಳಿಯಾಯಿತು, ಟೀಚರ್ ನಕ್ಕರು.

ಮಧ್ಯಾಹ್ನ ಊಟ ತಂದ ಹೆಂಡತಿಯ ಮೇಲೆ ರೇಗಿದೆ. "ಇದು ಬೆಳಗಿನ ಚಿತ್ರ ಅಂತ ಒಂದು ಮಾತು ಹೇಳಬಾರದಿತ್ತಾ?"

"ಹೇಳೋಣ ಅಂತಾನೇ ಇದ್ದೆ," ಎಂದಳು ಡಬ್ಬಿ ಬಿಚ್ಚುತ್ತ. "ಮದುವೆ ಆದಾಗಿಂದ ನೀವು ಮಾತು ನಿಲ್ಲಿಸೋದನ್ನೇ ಕಾಯ್ತಿದೀನಿ."