ಹದಿನಾಲ್ಕನೇ ಪ್ರಶ್ನೆ

‘ವಿಷಯ: ಕ್ಷೇತ್ರಕಾರ್ಯದ ಅವಧಿ ವಿಸ್ತರಣೆ ಕೋರಿ’ ಎಂದು ಬರೆದು, ಅದರಡಿ ಗೆರೆ ಎಳೆದ ಕೃತಿಕಾ ಪೆನ್ನು ಕೆಳಗಿಟ್ಟಳು. ಮೊದಲ ಪ್ಯಾರಾ ಸಲೀಸಾಗಿ ಬಂದಿತ್ತು. ಅಮ್ಮ ರುಕ್ಮಿಣಮ್ಮನಿಗೆ ಮಂಗನ ಕಾಯಿಲೆ, ಹನ್ನೊಂದು ದಿನ ಆಸ್ಪತ್ರೆ, ಬಿಟ್ಟ ಜ್ವರ ಮತ್ತೆ ಮರುಕಳಿಸಿದ್ದು, ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿದೆ. ಎಲ್ಲವೂ ನಿಜ, ಎಲ್ಲಕ್ಕೂ ಕಾಗದವಿತ್ತು. ನಲವತ್ತು ಮನೆಗಳಲ್ಲಿ ಇಪ್ಪತ್ತೆರಡು ಮುಗಿದಿವೆ, ಉಳಿದ ಹದಿನೆಂಟಕ್ಕೆ ಹದಿನೈದು ದಿನ ಕೊಡಿ ಎಂದು ಮುಗಿಸಿದರೆ ಸಾಕಿತ್ತು.

ಆ ಇಪ್ಪತ್ತೆರಡೇ ಅವಳನ್ನು ತಡೆದದ್ದು.

ಎಂ.ಎ. ಸಮಾಜಶಾಸ್ತ್ರದ ಕೊನೆಯ ಸೆಮಿಸ್ಟರಿಗೆ ಅವಳು ಆರಿಸಿಕೊಂಡ ವಿಷಯ ಕಾಫಿ ತೋಟದೊಳಗೆ ಸಾಲಾಗಿ ಕಟ್ಟಿದ ಲೈನ್‌ಮನೆಗಳ ಕಾರ್ಮಿಕರ ಆರೋಗ್ಯ. ದೂರ ಯಾಕೆ ಹೋಗಬೇಕು, ಜಾವಳಿಯ ತಮ್ಮ ತೋಟವೇ ಇದೆಯಲ್ಲ ಎಂದುಕೊಂಡಳು. ಸಂಜೆ ಹಾಜರಿ ಮುಗಿದ ಮೇಲೆ ತೋಟದ ಲೆಕ್ಕ ಬರೆಯುವ ರೈಟರ್ ವಿಶ್ವನಾಥ್ ಒಬ್ಬೊಬ್ಬರನ್ನೇ ಮನೆಯ ಜಗಲಿಗೆ ಕರೆತಂದು ಪಕ್ಕದಲ್ಲೇ ನಿಲ್ಲುತ್ತಿದ್ದರು. ಇವಳು ಕುರ್ಚಿಯಲ್ಲಿ, ಕಾರ್ಮಿಕರು ಮೆಟ್ಟಿಲ ಬಳಿ ನಿಂತು. ‘ತೊಂದರೆ ಇದೆಯೇ?’ ಇಲ್ಲಮ್ಮ. ಹದಿನಾಲ್ಕನೆಯದು, ‘ಕಳೆದ ವರ್ಷ ಮನೆಯಲ್ಲಿ ಯಾರಿಗಾದರೂ ಗಂಭೀರ ಕಾಯಿಲೆ?’ ಇಲ್ಲಮ್ಮ. ದಿನಕ್ಕೆ ಆರು ಮನೆ ಮುಗಿಯುತ್ತಿತ್ತು. ಎಂಥ ಚುರುಕು ಹುಡುಗಿ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು.

ಆಸ್ಪತ್ರೆಯಿಂದ ಬಂದ ಅಮ್ಮನನ್ನು ನೋಡಿಕೊಳ್ಳಲು ಮರಿಯಮ್ಮ ಲೈನಿನಿಂದ ಬಂದಳು. ಒಂದು ಮಧ್ಯಾಹ್ನ ಅಮ್ಮನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ, ಯಾರೂ ಕೇಳದೆಯೇ ಹೇಳಿದ್ದಳು.

“ನನ್ ಮಗಳಿಗೂ ಹೋದ್ವರ್ಷ ಇದೇ ಜ್ವರ ಕೃತಿಕಮ್ಮ. ಹದಿನಾಲ್ಕು ದಿನ ಲೈನಲ್ಲೇ ಮಲ್ಗಿದ್ಲು. ಕುಯ್ಲಿನ ಟೈಮು, ಆಸ್ಪತ್ರೆಗೆ ಅಂತ ನಿಮ್ಮನೆ ಜೀಪು ಕೇಳೋಕೆ ಬಾಯಿ ಬರ್ಲಿಲ್ಲ. ಬದುಕ್ಕೊಂಡ್ಲು, ದೇವ್ರು ದೊಡ್ಡೋನು. ಆದ್ರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹೋಯ್ತು. ಆಮೇಲೆ ತೋಟಕ್ಕೇ ಬಂದ್ಲು.”

ಕೃತಿಕಾ ಎದ್ದು ಹೋಗಿ ಫೈಲು ತೆಗೆದಳು. ಒಂಬತ್ತನೇ ಮನೆ, ಮರಿಯಮ್ಮ. ಹದಿನಾಲ್ಕನೇ ಪ್ರಶ್ನೆಯ ಎದುರು ಅವಳದೇ ದುಂಡಗಿನ ಅಕ್ಷರ: ಇಲ್ಲ.

ಈಗ ಅದನ್ನೇ ಎರಡನೇ ಪ್ಯಾರಾದಲ್ಲಿ ಬರೆಯಬೇಕಿತ್ತು. ಗೈಡ್ ಪರಮೇಶ್ವರಪ್ಪ ಮೇಷ್ಟ್ರು ಸಡಿಲ ಬಿಡುವವರಲ್ಲ. ಹಿಂದಿನ ವರ್ಷ ಒಬ್ಬ ವಿದ್ಯಾರ್ಥಿಯ ಕ್ಷೇತ್ರಕಾರ್ಯವನ್ನು ಪೂರ್ತಿ ತಿರಸ್ಕರಿಸಿದ್ದರು. ಅವನಿಗೆ ಕಿರುಪ್ರಬಂಧ ಸಲ್ಲಿಸಲಾಗದೆ ವರ್ಷವೇ ಹೋಯಿತು. ಮುಚ್ಚಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೃತಿಕಾ ಪೆನ್ನು ಎತ್ತಿಕೊಂಡಳು. ‘ನಾನು ಈಗಾಗಲೇ ಮಾಡಿದ ಇಪ್ಪತ್ತೆರಡು ಸಂದರ್ಶನಗಳು ನಂಬಲರ್ಹವಲ್ಲ. ಅವನ್ನು ಮಾಲೀಕರ ಜಗಲಿಯಲ್ಲಿ, ರೈಟರ ಎದುರು, ಮಾಲೀಕರ ಮಗಳು ಕೇಳಿದ್ದಾಳೆ.’ ಸಹಿ ಮಾಡಿ, ‘ವಿಭಾಗದ ಮುಖ್ಯಸ್ಥರ ಮೂಲಕ’ ಎಂದು ಮೇಲೆ ಸೇರಿಸಿ, ಮಾರನೇ ದಿನ ಚಿಕ್ಕಮಗಳೂರಿನ ಬಸ್ಸು ಹತ್ತಿ ಕಾಲೇಜಿನಲ್ಲಿ ಕೊಟ್ಟು ಬಂದಳು.

ಮೂರನೇ ದಿನ ಮೇಷ್ಟ್ರೇ ಫೋನ್ ಮಾಡಿದರು.

“ಅಮ್ಮ ಹೇಗಿದಾರೆ?”

“ಈಗ ಗಂಜಿ ಕುಡೀತಿದಾರೆ ಸಾರ್.”

“ಮೊದಲನೇ ಪ್ಯಾರಾ ಒಂದೇ ಇದ್ದಿದ್ರೂ ಟೈಮ್ ಕೊಡ್ತಿದ್ದೆ. ಎರಡನೇದು ಯಾಕೆ ಬರೆದೆ?”

“ಬರೀದಿದ್ರೆ ಅದು ಸುಳ್ಳಾಗ್ತಿತ್ತು ಸಾರ್.”

“ಮುಖ್ಯಸ್ಥರ ಸಹಿ ಆಗಿದೆ. ವಿಭಾಗದ ಗಡುವು ಹದಿನೈದು ದಿನ ಮುಂದಕ್ಕೆ. ಪ್ರಬಂಧ ಸಲ್ಲಿಸೋ ಯೂನಿವರ್ಸಿಟಿ ತಾರೀಕು ನನ್ ಕೈಲಿಲ್ಲ, ಅದು ಬದಲಾಗಲ್ಲ. ನಲವತ್ತು ಮನೆ ಆಗಲ್ಲ, ಇಪ್ಪತ್ತು ಮಾಡು. ಬೇರೆ ತೋಟದ್ದೂ ಸೇರ್ಲಿ. ಅವರ ಮನೇಲಿ, ಅವರು ಹೇಳಿದ ಹೊತ್ತಿಗೆ ಹೋಗು. ಹಳೇ ಹಾಳೆ ಹರೀಬೇಡ. ಎಲ್ಲಿ ಕೂತು ಕೇಳಿದೆ, ಪಕ್ಕದಲ್ಲಿ ಯಾರಿದ್ರು, ಎಲ್ಲಾ ವಿಧಾನದ ಅಧ್ಯಾಯದಲ್ಲಿ ಬರಿ.”

“ಅಮ್ಮನ್ನ ನೋಡ್ಕೊಳ್ಳೋಕೆ ಬರೋ ಲೈನಿನ ಮರಿಯಮ್ಮ ಮಗಳ ಕಾಯಿಲೆ ಬಗ್ಗೆ ಹೇಳಿದ್ದು...”

“ಅದು ನಿಮ್ಮಮ್ಮನ ಆರೈಕೆ ಮಾಡ್ತಾ ಹೇಳಿದ್ದು, ನಿನ್ನ ಅಧ್ಯಯನಕ್ಕಲ್ಲ. ಅವರನ್ನ ಕೇಳದೆ ಒಂದಕ್ಷರ ಬಳಸ್ಕೂಡದು. ಬೇಡ ಅಂದ್ರೆ ಬೇಡ.”

ಭಾನುವಾರ ಮರಿಯಮ್ಮ ಚರ್ಚಿನಿಂದ ಬರುವವರೆಗೆ ಕಾದು ಕೃತಿಕಾ ಲೈನಿಗೆ ಹೋದಳು. ಹುಟ್ಟಿದಾಗಿನಿಂದ ಕಿಟಕಿಯಿಂದ ಕಾಣುತ್ತಿದ್ದ ಮನೆಗಳು. ಒಳಗೆ ಕಾಲಿಟ್ಟದ್ದು ಅದೇ ಮೊದಲು. ಮರಿಯಮ್ಮ ಇದ್ದ ಒಂದೇ ಕುರ್ಚಿ ಎಳೆದು ಸೆರಗಿನಿಂದ ಒರೆಸಿದಳು. ಕೃತಿಕಾ ಚಾಪೆಯ ಮೇಲೆ ಕೂತು, ಅಮ್ಮನ ಕಾಯಿಲೆಗೆಂದು ಪತ್ರ ಬರೆದು ಅವಧಿ ಕೇಳಿದ್ದನ್ನೂ ತಾನು ಬಂದ ಕಾರಣವನ್ನೂ ಹೇಳಿದಳು. ಹೆಸರು ಹಾಕುವುದಿಲ್ಲ, ಬೇಡವೆಂದರೆ ಬರೆಯುವುದಿಲ್ಲ, ಅಪ್ಪನಿಗಾಗಲಿ ರೈಟರಿಗಾಗಲಿ ತೋರಿಸುವುದಿಲ್ಲ.

ಮರಿಯಮ್ಮ ಬಾಗಿಲಾಚೆ ನೋಡಿದಳು. “ಕಾಯ್ಲೆಗೆ ಟೈಮ್ ಕೊಡಿ ಅಂತ ಕಾಗ್ದ ಬರೆದ್ರೆ ಕೊಡ್ತಾರಾ ಕೃತಿಕಮ್ಮ?”

“ಕೊಟ್ರು.”

“ನಮಗೆ ಗೊತ್ತಿರ್ಲಿಲ್ಲ ನೋಡಿ.” ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕೃತಿಕಾಗೆ ಹಗುರವಾಗುತ್ತಿತ್ತೇನೋ. ಮರಿಯಮ್ಮ ಒಲೆಯ ಕಡೆ ತಿರುಗಿ ಕರೆದಳು. “ಬಾರೇ ಇಲ್ಲಿ. ಕಾಯ್ಲೆ ನಿಂದು, ಹೇಳೋದೋ ಬೇಡ್ವೋ ನೀನೇ ಹೇಳು.”

ಹದಿನೇಳರ ಹುಡುಗಿ ಕೈ ಒರೆಸಿಕೊಳ್ಳುತ್ತಾ ಬಂದು ಚಾಪೆಯ ಇನ್ನೊಂದು ತುದಿಯಲ್ಲಿ ಕೂತಳು. ಕೃತಿಕಾಳ ತೊಡೆಯ ಮೇಲಿದ್ದ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಪ್ರಶ್ನೆಗಳ ಮೇಲೆ ಬೆರಳಿಟ್ಟು, ಒಂದರಿಂದ ನಿಧಾನವಾಗಿ ಓದತೊಡಗಿದಳು. ಕೃತಿಕಾ ಪೆನ್ನಿನ ಮುಚ್ಚಳ ತೆಗೆಯದೆ ಕಾದಳು.