ಬ್ಯಾಟರಿಗೆ ಕಾಯಿಸಿದ ನೀರು

ನನ್ನ ಬಾಯಿ ಕೆಟ್ಟದ್ದು. ಮೂಡಲಗಿಯಲ್ಲಿ ನನ್ನ ಅಂಗಡಿಗೆ ಇನ್ವರ್ಟರ್ ರಿಪೇರಿಗೆ ಬರುವವರಿಗೆಲ್ಲ ಅದು ಗೊತ್ತು. ಯಾರು ಏನು ಹಾಳು ಮಾಡಿದರೂ ಮುಖಕ್ಕೇ ಹೇಳಿಬಿಡುತ್ತೇನೆ. ಒಬ್ಬರಿಗೆ ಮಾತ್ರ ಹೇಳಲಿಲ್ಲ.

ನಾಗನೂರಿನ ಜೈನರ ಮನೆಯ ಶ್ರೀಪಾಲ ಕಾಕಾ ಆಕ್ಸಿಜನ್ ಯಂತ್ರದ ಮೇಲೆ ಉಸಿರಾಡುತ್ತಿದ್ದರು. ಕರೆಂಟು ಹೋದರೆ ಅದು ಇನ್ವರ್ಟರ್ ಮೇಲೆ ಮೂರು ತಾಸು ನಡೆಯಬೇಕು. ಆದರೆ ಬಂದ ಕರೆಂಟು ಬ್ಯಾಟರಿ ತುಂಬುವಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಅದಕ್ಕೇ 2005ರ ದೀಪಾವಳಿ ಮುಗಿದ ಮೇಲೆ ಮಾಳಿಗೆಯ ಮೇಲೆ ಎರಡು ಸೋಲಾರ್ ಪ್ಯಾನೆಲ್ ಕೂಡಿಸಿ, ನಡುವೆ ಚಾರ್ಜ್ ಕಂಟ್ರೋಲರ್ ಹಾಕಿ, ಅದೇ ಬ್ಯಾಟರಿಗೆ ವೈರ್ ಎಳೆದೆ. ಕರೆಂಟೂ ತುಂಬಲಿ, ಬಿಸಿಲೂ ತುಂಬಲಿ ಎಂದು.

"ಇನ್ನ ದಿನಾ ಚಾರ್ಜ್ ಆಕ್ಕೈತ್ರಿ ಅವ್ವಾರ, ಬ್ಯಾಟರ್‍ಯಾಗಿನ ನೀರ ಲಗೂ ಇಳೀತೈತಿ. ಈ ಬಾಟ್ಲಿ ನೀರ ಹಾಕ್ರಿ" ಎಂದು ಅವರ ಹೆಂಡತಿ ಕಮಲವ್ವನ ಕೈಗೆ ಎರಡು ಬಾಟಲಿ ಡಿಸ್ಟಿಲ್ಡ್ ವಾಟರ್ ಕೊಟ್ಟೆ. ಅದೇ ನೀರು ಯಾಕೆ ಎಂದು ಬಿಡಿಸಿ ಹೇಳಲಿಲ್ಲ. ನನಗೆ ಬಸ್ಸಿನ ಅವಸರ.

ಬೇಸಿಗೆ ನಿಶ್ಚಿಂತೆಯಿಂದ ಕಳೆಯಿತು. ಶ್ರಾವಣದ ಒಂದು ಮಧ್ಯಾಹ್ನ ಕರೆಂಟು ಹೋಗಿ ಇಪ್ಪತ್ತೇ ನಿಮಿಷಕ್ಕೆ ಇನ್ವರ್ಟರ್ ಕೂಗಿ ಬಂದ್ ಆಯಿತು. ಆಸ್ಪತ್ರೆಗೆ ಒಯ್ಯುತ್ತಿದ್ದ ಜೀಪು ಗೋಕಾಕ ಮುಟ್ಟುವ ಮೊದಲೇ ಕಾಕಾ ಹೋಗಿಬಿಟ್ಟರು.

ಮೂರನೇ ದಿನ ಹೋಗಿ ನೋಡಿದೆ. ಕಂಟ್ರೋಲರಿನ ಹಸಿರು ದೀಪ ಬ್ಯಾಟರಿ ತುಂಬಿದೆ ಎನ್ನುತ್ತಿತ್ತು. ಲೋಡ್ ಹಾಕಿದ ಕೂಡಲೇ ವೋಲ್ಟೇಜ್ ಕುಸಿಯಿತು. ಮುಚ್ಚಳ ಬಿಚ್ಚಿದರೆ ನೀರಿನ ಮಟ್ಟ ಸರಿಯಾಗಿಯೇ ಇತ್ತು, ಒಳಗೆಲ್ಲ ಬಿಳಿ ಪದರು.

"ಯಾವ ನೀರ ಹಾಕ್ತಿದ್ರಿ, ಅವ್ವಾರ?"

"ಆ ಬಾಟ್ಲಿ ನೀರ ಯಾವತ್ತ ತುಂಬಿದ್ದೋ ಏನೋ, ಸಣ್ಣ ಸಣ್ಣ ಜೀವ ಹುಟ್ಟಿರ್ತಾವು ಅಂತ ಗಿಡಕ್ಕ ಹಾಕಿದ್ನಿ. ಪ್ರತಿ ಸಲಾ ಬಾವಿ ನೀರ ಸೋಸಿ, ಕಾಯ್ಸಿ, ಆರ್ಸಿ ಹಾಕೀನಿ. ನಮ್ಮ ಮುನಿಗಳಿಗೆ ಕುಡ್ಯಾಕ ಕೊಡೂ ಅಂಥಾ ನೀರ. ಅವರ ಉಸಿರ ಅದರಾಗ ಐತಿ ಅಂತ ಒಂದ ಸಲಾನೂ ತಪ್ಪಿಸಿಲ್ಲ ನೋಡು. ಮತ್ತ ಯಾಕ ಹಿಂಗಾತು, ಕರೆಪ್ಪಾ?"

ಸೋಸಿದರೂ ಕಾಯಿಸಿದರೂ ಬಾವಿ ನೀರಿನ ಉಪ್ಪು ಹೋಗುವುದಿಲ್ಲ. ತಿಂಗಳುಗಟ್ಟಲೆ ಹಾಕಿದ ಅದೇ ನೀರು ಬ್ಯಾಟರಿಯನ್ನು ತಿಂದಿತ್ತು. ಅದನ್ನು ಹೇಳಲು ಬಾಯಿ ತೆರೆದೆ. ಆಕೆಯ ಮುಖ ನೋಡಿ ಮಾತು ಬದಲಿಸಿದೆ.

"ನಾ ಜೋಡ್ಸಿದ್ದ ತಪ್ಪಾಗಿತ್ರಿ" ಎಂದೆ.

ಆಕೆ ಎದೆ ಬಡಿದುಕೊಂಡು ನನ್ನನ್ನು ಬೈದಳು. ನಾಗನೂರಿನವರು ನನ್ನನ್ನು ಕೆಲಸಕ್ಕೆ ಕರೆಯುವುದನ್ನೇ ಬಿಟ್ಟರು. ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಆದರೂ ಬಾವಿ ನೀರಿನ ಮಾತು ಎಲ್ಲೂ ಎತ್ತಲಿಲ್ಲ.

ಜೈನರು ಪರಸ್ಪರ ಕ್ಷಮೆ ಕೇಳುವ ಕ್ಷಮಾವಣಿಯ ದಿನ ಕಮಲವ್ವ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದಳು. ನಿಂತೇ ಕೈ ಮುಗಿದಳು.

"ನೀ ಗೊತ್ತಿಲ್ದ ತಪ್ಪ ಮಾಡಿದಿ. ನಾ ಗೊತ್ತಿದ್ದ ಬೈದ್ನಿ. ನಂದ ದೊಡ್ಡ ತಪ್ಪ. ಕ್ಷಮಾ ಮಾಡಪಾ."

"ಮಾಡೀನ್ರಿ, ಅವ್ವಾರ" ಎಂದೆ. ಎರಡು ತಪ್ಪಿಗೂ ಸೇರಿಸಿ ಅಂದದ್ದು. ಆಕೆಗೆ ಗೊತ್ತಿದ್ದದ್ದು ಒಂದೇ.